ಟೀ ಅಂಗಡಿ ಅಂದರೆ ಮಲಯಾಳಿಗಳದ್ದೇ ಅಲ್ವಾ ಅಂದ ಗೆಳೆಯನಿಗೆ

ನೀನು ಬೆಂಗಳೂರಿನಲ್ಲಿ ಕೂತು ಹಾಗೆ ಕೇಳಿದ್ದಕ್ಕೆ ಬೇಜಾರಾಯಿತು ಕಣೋ. ನಾನು ಎಚ್.ಡಿ. ಕೋಟೆಯವನು. ಬಾವಲಿ ದಾಟಿದರೆ ಕೇರಳ, ನಿಜ. ಮಲಯಾಳ ಚೆನ್ನಾಗಿಯೇ ಮಾತಾಡುತ್ತೇನೆ. ಹಾಗಂತ ಕನ್ನಡ ಮರೆತಿಲ್ಲ, ಟೀ ಕಾಯಿಸೋದನ್ನು ಯಾರಿಂದಲೂ ಎರವಲು ತಂದಿಲ್ಲ.

ಅಂತರಸಂತೆ ಕಡೆ ರಸ್ತೆ ಬದಿಯ ತಳ್ಳುಗಾಡಿಯಿಂದ ಶುರು ಮಾಡಿದೆ. ಮಾನಂದವಾಡಿಗೆ ಹೋಗೋ ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ಬೆಳಗ್ಗೆ 6ಕ್ಕೇ ತೆಗೆಯೋದು. ಆರರೊಳಗೆ ಗೇಟು ದಾಟುವವರದ್ದೇ ನನಗೆ ದೊಡ್ಡ ವ್ಯಾಪಾರ. ಎರಡು ವರ್ಷ ಜೊತೆಗಿದ್ದ ಹುಡುಗನನ್ನು ನಂಬಿ ಹ್ಯಾಂಡ್ ಪೋಸ್ಟ್ ಅನ್ನೋ ಊರಿನಲ್ಲಿ ಎರಡನೆಯದು ಹಾಕಿದೆ. ಆಮೇಲೆ ಕೋಟೆಯಲ್ಲಿ ಮೂರನೆಯದು.

ಎರಡನೇ ಅಂಗಡಿಯಲ್ಲೇ ಎಡವಿದ್ದು. ಅದೇ ಡಸ್ಟು, ಅದೇ ಹಾಲು, ಅದೇ ಅಳತೆ. ಟೀ ಮಾತ್ರ ಕಪ್ಪಗೆ, ಚಪ್ಪೆಯಾಗಿ ಬರುತ್ತಿತ್ತು. ಹುಡುಗ ಡಸ್ಟು ಕದಿಯುತ್ತಿದ್ದಾನೆ ಅಂತ ಅನುಮಾನಪಟ್ಟೆ. ಅದು ಇವತ್ತಿಗೂ ನೋವು. ಕಾರಣ ತೋರಿಸಿಕೊಟ್ಟಿದ್ದು ವಯನಾಡಿನ ಒಬ್ಬ ಲಾರಿ ಡ್ರೈವರು. ಅವನು ಕುಡಿಯೋದು ಕಟ್ಟನ್ ಚಾಯ, ಹಾಲಿಲ್ಲದ್ದು. ಲೋಟ ಮುಂದೆ ಹಿಡಿದು, "ಚೇಟ್ಟಾ, ಇದು ನೋಡಿ" ಅಂದ. ಮೇಲೆ ಎಣ್ಣೆ ಪದರದ ಹಾಗೆ ತೆಳುವಾದ ಕೆನೆ. ಚಮಚ ತಾಗಿಸಿದರೆ ಒಡೆದು ಚೂರುಚೂರು.

ಬೋರ್‌ವೆಲ್ ನೀರಿನ ಗಡಸು ಅದು. ನೀರಿನಲ್ಲಿರೋ ಸುಣ್ಣ ಚಹಾದ ರಸದ ಜೊತೆ ಸೇರಿ ಪದರ ಕಟ್ಟುತ್ತದೆ, ಬಣ್ಣ ಮಂಕಾಗಿಸುತ್ತದೆ. ಹಾಲು ಹಾಕಿದ ಟೀಯಲ್ಲಿ ಅದು ಕಣ್ಣಿಗೆ ಅಷ್ಟಾಗಿ ಬೀಳೋದಿಲ್ಲ. ನಾಲಿಗೆಗೆ ಗೊತ್ತಾಗುತ್ತದೆ, ಗಿರಾಕಿ ಸುಮ್ನೆ ಇನ್ನೊಂದು ಅಂಗಡಿಗೆ ಹೋಗುತ್ತಾನೆ.

ಲೆಕ್ಕ ಹಾಕಿದೆ. ದಿನಕ್ಕೆ 400 ಲೋಟ ಅಂದರೆ ಸುಮಾರು 40 ಲೀಟರ್ ಟೀ. ಅದರಲ್ಲಿ ಮೂರನೇ ಒಂದು ಭಾಗ ನೀರು. ಆವಿಯಾಗೋದು ಸೇರಿದರೂ 20 ಲೀಟರಿನ ಒಂದು ಕ್ಯಾನ್ ಫಿಲ್ಟರ್ ನೀರು ಸಾಕು. ಬೋರಿನ ನೀರು ಲೋಟ ತೊಳೆಯೋದಕ್ಕಿರಲಿ. ಹೇಳೋದು ಸುಲಭ. ಐದು ಗಂಟೆ ಗದ್ದಲದಲ್ಲಿ ಕ್ಯಾನ್ ಖಾಲಿಯಾದರೆ ಹುಡುಗರು ಕೈಗೆ ಸಿಕ್ಕಿದ ಕೊಡದಿಂದ ಸುರಿದುಬಿಡುತ್ತಾರೆ. ಎಷ್ಟು ಸಲ ಹೇಳಿದ್ದೇನೋ! ಈಗ ಯಾವ ಅಂಗಡಿಗೆ ಹೋದರೂ ಮೊದಲು ನೀರು ಕಾಯಿಸೋ ಪಾತ್ರೆಯೊಳಗೆ ಬೆರಳಾಡಿಸುತ್ತೇನೆ. ಬಿಳಿ ಪುಡಿ ಅಂಟಿದರೆ ಕೇಳೋದೇ ಬೇಡ, ಗೊತ್ತಾಯಿತು.

ಅವನು ವಯನಾಡಿನವನು, ನಾನು ಕೋಟೆಯವನು. ಅವನು ಹೇಳಿಕೊಟ್ಟ ಅಂತ ಅಂಗಡಿ ಅವನದ್ದಾಗುತ್ತದಾ?

ಸರಗೂರಿನಲ್ಲಿ ಒಂದು ಜಾಗ ಸಿಕ್ಕಿದೆ. ಬಾಡಿಗೆ ಮಾತಾಡೋದಕ್ಕೆ ಮುಂಚೆ ಅಲ್ಲಿಯ ನೀರನ್ನು ಬಾಟಲಿಯಲ್ಲಿ ತಂದು ಕಟ್ಟನ್ ಕಾಯಿಸಿ ಇಟ್ಟಿದ್ದೇನೆ. ಹತ್ತು ನಿಮಿಷ ಆಗಲಿ, ನೋಡೋಣ.