ಗುರು ಮರಳಿದ ಮನೆ

'ನನ್ನದು ಕನ್ಯಾ ರಾಶಿ. ಹುಟ್ಟಿದ್ದು 1989ರಲ್ಲಿ, ಆಗ ಗುರು ಮಿಥುನದಲ್ಲಿದ್ದ. ಈಗ 36 ತುಂಬುವ ಹೊತ್ತಿಗೆ ಮತ್ತೆ ಅಲ್ಲಿಗೇ ಬಂದಿದ್ದಾನೆ, ಭಾಗ್ಯದ ಬಾಗಿಲು ತೆರೆಯುತ್ತದೆ ಎಂದು ಒಬ್ಬರು ಹೇಳಿದರು. ಪಂಚಾಂಗ ನೋಡಿದರೆ ಗುರುಬಲವೇ ಇಲ್ಲ! ಯಾವುದನ್ನು ನಂಬಲಿ?'
– ಒಬ್ಬ ಓದುಗರು

ಎರಡನ್ನೂ ನಂಬಬಹುದು. ಎರಡರ ಲೆಕ್ಕ ಬೇರೆ, ಅಷ್ಟೇ. ಗುರುಬಲ ಎಣಿಸುವುದು ಚಂದ್ರನಿರುವ ಜನ್ಮರಾಶಿಯಿಂದ. ಅಲ್ಲಿಂದ 2, 5, 7, 9, 11ನೇ ಮನೆಗೆ ಗುರು ಬಂದರೆ ಬಲ. ಕನ್ಯೆಯಿಂದ ಮಿಥುನ ಹತ್ತನೆಯದು, ಅದಕ್ಕೇ ಬಲವಿಲ್ಲ. ಗುರು ಮರಳುವುದನ್ನು ಎಣಿಸುವುದು ನೀವು ಹುಟ್ಟಿದಾಗ ಗುರುವೇ ಇದ್ದ ಜಾಗದಿಂದ. ನಿಮ್ಮ ಜಾತಕದಲ್ಲಿ ಗುರು ಹುಟ್ಟಿನಿಂದಲೇ ಹತ್ತರಲ್ಲಿ ಕೂತವನು, ಹಾಗಾಗಿ ಪ್ರತಿ ಸಲ ಮರಳಿದಾಗಲೂ ಗುರುಬಲವಿಲ್ಲದ ವರ್ಷವೇ ನಿಮಗೆ ಸಿಗುತ್ತದೆ. ಹತ್ತು ಕೆಲಸದ ಮನೆ. ಅಲ್ಲಿ ಗುರು ಬಂದರೆ ಕುರ್ಚಿ ಅಲುಗಾಡುತ್ತದೆ ಅಂತ ಹಳಬರು ಹೇಳುತ್ತಾರೆ. ನಾನು ಓದುವುದು ಹೀಗೆ: ಬೆಳವಣಿಗೆ ಬರುತ್ತದೆ, ಆದರೆ ಜಾಗ ಬದಲಾಯಿಸಿಕೊಂಡು ಬರುತ್ತದೆ.

ಗ್ರಹ ಸುತ್ತುವುದಕ್ಕೂ ನಮ್ಮ ನೌಕರಿಗೂ ನಂಟಿದೆ ಎನ್ನಲು ಪುರಾವೆ ಇಲ್ಲ ಎನ್ನುವವರಿದ್ದಾರೆ. ಸರಿ, ಪುರಾವೆ ನನ್ನ ಬಳಿಯೂ ಇಲ್ಲ.

ಇನ್ನು ಗುರು ಹನ್ನೆರಡು ವರ್ಷಕ್ಕೊಮ್ಮೆ ಮರಳುತ್ತಾನೆ, ಮೂರು ಸುತ್ತಿಗೆ 36 ಎನ್ನುವ ಲೆಕ್ಕ. ಗುರು ಒಂದು ಸುತ್ತಿಗೆ ತೆಗೆದುಕೊಳ್ಳುವುದು ಸುಮಾರು 11.86 ವರ್ಷ. ಹಾಗಾಗಿ ಪ್ರತಿ ಸುತ್ತಿಗೂ ಐವತ್ತು ದಿನ ಮುಂಚೆ ಬರುತ್ತಾನೆ, ಮೂರನೇ ಸುತ್ತಿಗೆ ಸರಾಸರಿ ಐದು ತಿಂಗಳು. ವರ್ಷಕ್ಕೆ ನಾಲ್ಕು ತಿಂಗಳು ವಕ್ರನಾಗಿ ಹಿಂದಕ್ಕೆ ಸರಿದಂತೆ ಕಾಣುವುದರಿಂದ ಅದೂ ಹಿಂದುಮುಂದಾಗುತ್ತದೆ, ಕೆಲವರಿಗೆ ಹುಟ್ಟಿದಾಗಿದ್ದ ಅಂಶವನ್ನು, ಅಂದರೆ ಅದೇ ಡಿಗ್ರಿಯನ್ನು, ಮೂರು ಸಲ ದಾಟುತ್ತಾನೆ. ಗುರು ಕುಂಭ ರಾಶಿಗೆ ಬಂದಾಗ ನಡೆಯುವ ಹರಿದ್ವಾರದ ಕುಂಭಮೇಳ 2010ರ ನಂತರ ಹನ್ನೊಂದೇ ವರ್ಷಕ್ಕೆ, 2021ರಲ್ಲಿ ಬಂದದ್ದು ಈ ಉಳಿಕೆ ಸೇರುತ್ತಾ ಹೋಗಿದ್ದರಿಂದಲೇ. ಹುಟ್ಟುಹಬ್ಬದ ದಿನವೇ ಬಾಗಿಲು ತೆರೆಯುತ್ತದೆ ಎಂದು ಕಾಯಬೇಡಿ, ಪಂಚಾಂಗದಲ್ಲಿ ಅಂಶ ನೋಡಿ.

ನನಗೆ ಬೇಜಾರಾಗುವುದು ಇಲ್ಲೇ. ಮುಂದೇನಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಹಿಂದಿನ ಸುತ್ತಿನಲ್ಲಿ ಏನಾಯಿತು ಅಂತ ಒಬ್ಬರೂ ತಿರುಗಿ ನೋಡುವುದಿಲ್ಲ! ಭಾಗ್ಯದ ಬಾಗಿಲು ಮಾರುವವರಿಗೂ ಅದು ಬೇಕಿಲ್ಲ, ಹೆದರಿಸಿ ಶಾಂತಿ ಮಾಡಿಸುವವರಿಗೂ ಬೇಕಿಲ್ಲ. ನಮ್ಮಮ್ಮ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಗುರು ರಾಶಿ ಬದಲಿಸಿದ ತಿಂಗಳು ಬರೆದು, ಪಕ್ಕದಲ್ಲಿ 'ಹಸು ಕೊಂಡೆವು', 'ಬಾವಿ ತೋಡಿಸಿದೆವು' ಅಂತ ಸೇರಿಸುತ್ತಿದ್ದರು. ಹನ್ನೆರಡು ವರ್ಷ ಕಳೆದು ಅದೇ ಸಾಲಿನ ಮುಂದೆ 'ಬಾವಿಗೆ ಪಂಪು' ಅಂತ ಬಂತು. ಅವಕಾಶ ಎಂದರೆ ನನಗೆ ಅದೇ: ಹಿಂದೆ ತೋಡಿದ್ದರಿಂದ ಈಗ ನೀರೆತ್ತುವುದು.

2013ರ ಮೇ ಕೊನೆಯಿಂದ 2014ರ ಜೂನ್‌ವರೆಗೂ ಗುರು ನಿಮ್ಮ ಮಿಥುನದಲ್ಲೇ ಇದ್ದ. ಆಗ ಯಾವ ಕೆಲಸ ಹಿಡಿದಿರಿ, ಯಾವುದನ್ನು ಬಿಟ್ಟಿರಿ, ಏನು ಕಲಿಯಲು ಶುರು ಮಾಡಿದಿರಿ? 2001–02ರದ್ದೂ ನೆನಪಿದ್ದರೆ ಬರೆದಿಡಿ, ಆಗ ನಿಮಗೆ ಹನ್ನೆರಡು. ಆ ಹಾಳೆ ನನಗೆ ಕಳಿಸಿ, ಇಬ್ಬರೂ ಕೂತು ಓದೋಣ.

– ಸಂಪಾದಕ