ಐರನ್ ಕಾಂಡರ್‌ನಲ್ಲಿ ನಷ್ಟ ಒಂದು ಕಡೆಯದ್ದೋ, ಎರಡೂ ಕಡೆಯದ್ದೋ?

ಪ್ರಶ್ನೆ: ಸರ್, ಬದಿಯಡ್ಕದ ಹತ್ತಿರ ಸಣ್ಣ ಅಡಿಕೆ ತೋಟ ಇದೆ. ಎರಡು ವರ್ಷದಿಂದ ನಿಫ್ಟಿ ಆಪ್ಶನ್ ಮಾಡುತ್ತಿದ್ದೇನೆ. ಮುಂದಿನ ಮಂಗಳವಾರದ ಎಕ್ಸ್‌ಪೈರಿವರೆಗೆ ನಿಫ್ಟಿ 24,600ರಿಂದ 25,400ರ ಒಳಗೇ ಓಡಾಡಬಹುದು ಅಂತ ನನ್ನ ಅಂದಾಜು. ಐರನ್ ಕಾಂಡರ್ ಹಾಕೋಣ ಅಂತಿದ್ದೇನೆ. ಆ್ಯಪ್‌ನಲ್ಲಿ ಗರಿಷ್ಠ ನಷ್ಟ ಹತ್ತು ಸಾವಿರ ಅಂತ ತೋರಿಸುತ್ತದೆ. ನಾನು ಕೂಡಿಸಿದರೆ ಇಪ್ಪತ್ತಮೂರು ಸಾವಿರ ಬರುತ್ತದೆ. ಯಾವುದು ಸರಿ? ತೋಟಕ್ಕೆ ಮದ್ದು ಬಿಡುವ ಸಮಯ ಬೇರೆ, ದಿನವಿಡೀ ಮೊಬೈಲ್ ನೋಡುತ್ತಾ ಕೂರಲು ಆಗುವುದಿಲ್ಲ.

ಉತ್ತರ: ಆ್ಯಪ್ ಹೇಳುವುದು ಸರಿ. ಆದರೆ ನಿಮ್ಮ ಇಪ್ಪತ್ತಮೂರು ಸಾವಿರವೂ ಸುಮ್ನೆ ಹುಟ್ಟಿದ ಸಂಖ್ಯೆ ಅಲ್ಲ. ಅದರ ಹತ್ತಿರಕ್ಕೆ ಹೋಗುವ ದಾರಿಯೊಂದು ಇದೆ, ಬಹಳ ಮಂದಿ ಆ ದಾರಿ ಹಿಡಿಯುತ್ತಾರೆ. ಐರನ್ ಕಾಂಡರ್ ಅಂದರೆ ಈಗಿನ ಮಟ್ಟಕ್ಕಿಂತ ಮೇಲೆ ಒಂದು ಕಾಲ್, ಕೆಳಗೆ ಒಂದು ಪುಟ್ ಮಾರಿ, ರಕ್ಷಣೆಗೆ ಇನ್ನೂ ಹೊರಗೆ ಒಂದೊಂದು ಕೊಳ್ಳುವುದು. ಮೊದಲು ಲೆಕ್ಕ ನೋಡೋಣ.

ನಿಫ್ಟಿ ಈಗ 25,000ದಲ್ಲಿ ಇದೆ, ಲಾಟ್ 65 ಅಂತ ಇಟ್ಟುಕೊಳ್ಳಿ. ಕೆಳಗೆ CE ಅಂದರೆ ಕಾಲ್, PE ಅಂದರೆ ಪುಟ್. ಬೆಲೆಗಳು ಉದಾಹರಣೆಗೆ ಮಾತ್ರ, ನಿಮ್ಮ ಪರದೆಯಲ್ಲಿ ಇರುವುದನ್ನು ಹಾಕಿ ಲೆಕ್ಕ ಮಾಡಿ.

```
BUY   NIFTY 25600 CE   14
SELL  NIFTY 25400 CE   38
SELL  NIFTY 24600 PE   46
BUY   NIFTY 24400 PE   24
```

ಕಾಲ್ ಕಡೆ 38 ಬಂತು, 14 ಹೋಯಿತು, ಕೈಯಲ್ಲಿ 24 ಉಳಿಯಿತು. ಪುಟ್ ಕಡೆ 46 ಬಂತು, 24 ಹೋಯಿತು, ಉಳಿದದ್ದು 22. ಒಟ್ಟು 46 ರೂಪಾಯಿ. ಲಾಟ್‌ನಿಂದ ಗುಣಿಸಿದರೆ 2,990. ಗರಿಷ್ಠ ಲಾಭ ಇಷ್ಟೇ. ಮಂಗಳವಾರ ನಿಫ್ಟಿ 24,600 ಮತ್ತು 25,400ರ ನಡುವೆ ಎಲ್ಲಿ ನಿಂತರೂ ನಾಲ್ಕೂ ಆಪ್ಶನ್ ಸೊನ್ನೆಯಾಗುತ್ತವೆ, ಈ ಹಣ ನಿಮ್ಮದು.

ಇನ್ನು ನಷ್ಟ. ಒಂದು ಕಡೆಯ ಎರಡು ಸ್ಟ್ರೈಕ್‌ಗಳ ನಡುವಿನ ಅಂತರ 200. ನಿಫ್ಟಿ 25,900ಕ್ಕೆ ಹೋಯಿತು ಅನ್ನಿ. ನೀವು ಮಾರಿದ 25,400ರ ಕಾಲ್‌ಗೆ 500 ಕೊಡಬೇಕು, ಕೊಂಡ 25,600ರ ಕಾಲ್‌ನಿಂದ 300 ಬರುತ್ತದೆ. ಕೈಯಿಂದ ಹೋಗುವುದು 200. ನಿಫ್ಟಿ 26,500ಕ್ಕೆ ಹೋದರೂ ಅದೇ 200. ಮೊದಲೇ 46 ಸಿಕ್ಕಿರುವುದರಿಂದ ನಿಜವಾದ ನಷ್ಟ 154, ಲಾಟ್‌ಗೆ 10,010 ರೂಪಾಯಿ.

ನೀವು ಮಾಡಿರುವುದು ಏನಂದರೆ, ಕಾಲ್ ಕಡೆಯ ನಷ್ಟ 176ಕ್ಕೆ 11,440, ಪುಟ್ ಕಡೆಯ ನಷ್ಟ 178ಕ್ಕೆ 11,570, ಎರಡನ್ನೂ ಕೂಡಿಸಿ 23,010. ಅಲ್ವಾ? ಆದರೆ ಒಂದೇ ಬಸ್ಸು ಒಂದೇ ಹೊತ್ತಿಗೆ ತಲಪಾಡಿಯಲ್ಲೂ ಕಾಞಂಗಾಡಿನಲ್ಲೂ ನಿಲ್ಲುವುದಿಲ್ಲ. ಎಕ್ಸ್‌ಪೈರಿ ದಿನ ನಿಫ್ಟಿ ನಿಲ್ಲುವುದು ಒಂದೇ ಕಡೆ. ಮೇಲೆ ಹೋದರೆ ಕಾಲ್ ಕಡೆ 11,440 ಹೋಗುತ್ತದೆ ನಿಜ, ಆದರೆ ಪುಟ್ ಕಡೆ ಸಿಕ್ಕ 1,430 ಪೂರ್ತಿ ನಿಮಗೇ ಉಳಿಯುತ್ತದೆ. ಕಳೆದರೆ 10,010. ಕೆಳಗೆ ಹೋದರೂ ಲೆಕ್ಕ ಅಲ್ಲಿಗೇ ಬರುತ್ತದೆ. ಎರಡು ಕಡೆಯ ಅಂತರ ಬೇರೆ ಬೇರೆ ಇಟ್ಟಿದ್ದರೆ, ಯಾವ ಕಡೆ ಜಾಸ್ತಿ ಅಗಲವೋ ಅದರಿಂದ ಗರಿಷ್ಠ ನಷ್ಟ ಲೆಕ್ಕ ಹಾಕಬೇಕು.

ಲಾಭ ನಷ್ಟ ಎರಡೂ ಇಲ್ಲದ ಜಾಗ ಮೇಲೆ 25,446, ಕೆಳಗೆ 24,554. ನಡುವಿನ ದಾರಿ ಹೀಗೆ: ನಿಫ್ಟಿ 25,420ಕ್ಕೆ ನಿಂತರೆ 46ರಲ್ಲಿ 20 ಹೋಗಿ 26 ಉಳಿಯುತ್ತದೆ, ಅಂದರೆ 1,690 ಲಾಭ. 25,520ಕ್ಕೆ ನಿಂತರೆ 74 ಕೈಬಿಡುತ್ತದೆ, 4,810 ನಷ್ಟ.

ಈಗ ಮುಖ್ಯ ವಿಷಯ. ಆ್ಯಪ್ ತೋರಿಸುವ 10,010 ಒಂದು ಷರತ್ತಿನ ಮೇಲೆ ನಿಂತಿದೆ: ನಾಲ್ಕೂ ಲೆಗ್, ಅಂದರೆ ಕೊಂಡ ಮಾರಿದ ನಾಲ್ಕೂ ಆಪ್ಶನ್, ಎಕ್ಸ್‌ಪೈರಿವರೆಗೆ ಹಾಗೇ ಇರಬೇಕು, ಇಲ್ಲವೇ ನಾಲ್ಕನ್ನೂ ಒಟ್ಟಿಗೆ ಮುಚ್ಚಬೇಕು. ನಡುವೆ ಒಂದು ಕಡೆಯನ್ನು ಮಾತ್ರ ಮುಚ್ಚಿದ ಕ್ಷಣವೇ ಆ ಸಂಖ್ಯೆ ಸುಳ್ಳಾಗುತ್ತದೆ.

ಗುರುವಾರ ನಿಫ್ಟಿ 25,480ಕ್ಕೆ ಏರಿತು ಅಂತ ಇಟ್ಟುಕೊಳ್ಳಿ. ಕಾಲ್ ಕಡೆಯ ಜೋಡಿಯ ಬೆಲೆ 24ರಿಂದ 95ಕ್ಕೆ ಹೋಗಿದೆ. ಹೆದರಿ ಅದನ್ನು ಮುಚ್ಚಿದಿರಿ. ನಷ್ಟ 71, ಅಂದರೆ 4,615. ಪುಟ್ ಕಡೆ ಹೇಗೂ ದೂರ ಇದೆ, ಅದರ 22 ರೂಪಾಯಿ ಬರಲಿ ಅಂತ ಬಿಟ್ಟಿರಿ. ಸೋಮವಾರ ಮಾರುಕಟ್ಟೆ ಬಿತ್ತು, ಮಂಗಳವಾರ 24,400ರ ಕೆಳಗೆ ಎಕ್ಸ್‌ಪೈರಿ. ಪುಟ್ ಕಡೆ ಇನ್ನೊಂದು 11,570 ಹೋಯಿತು. ಒಟ್ಟು 16,185. ಗರಿಷ್ಠ ನಷ್ಟ ಹತ್ತು ಸಾವಿರ ಅಂತ ನಂಬಿದ್ದ ಪೊಸಿಶನ್‌ನಲ್ಲಿ! ಬಸ್ಸು ಒಂದೇ ಹೊತ್ತಿಗೆ ಎರಡು ಕಡೆ ನಿಲ್ಲದೇ ಇರಬಹುದು, ಒಂದೇ ವಾರದಲ್ಲಿ ಎರಡೂ ಕಡೆ ಹೋಗಿ ಬರಲು ಅಡ್ಡಿಯಿಲ್ಲ.

ಇಂಥದ್ದು ಆಗುವುದುಂಟಾ ಅಂತ ಕೇಳಬಹುದು. 2024ರ ಜೂನ್ 3ರಂದು, ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್ ನೋಡಿ ನಿಫ್ಟಿ ಮೂರು ಶೇಕಡಕ್ಕೂ ಜಾಸ್ತಿ ಏರಿ 23,263.90ಕ್ಕೆ ನಿಂತಿತು. ಮರುದಿನ ಮತ ಎಣಿಕೆ. ಸುಮಾರು 1,380 ಪಾಯಿಂಟ್ ಬಿದ್ದು 21,884.50ಕ್ಕೆ ಬಂತು. ಮೊದಲ ದಿನ ಕಾಲ್ ಕಡೆಯನ್ನು ನಷ್ಟಕ್ಕೆ ಮುಚ್ಚಿ ಪುಟ್ ಕಡೆ ಇಟ್ಟುಕೊಂಡವರಿಗೆ ಮರುದಿನ ಎರಡನೆಯ ಪೆಟ್ಟು. ಚುನಾವಣೆ, ಬಜೆಟ್, ರಿಸರ್ವ್ ಬ್ಯಾಂಕಿನ ಬಡ್ಡಿ ನಿರ್ಧಾರದ ವಾರಗಳಲ್ಲಿ ಪ್ರೀಮಿಯಂ ದಪ್ಪಗೆ ಕಾಣುತ್ತದೆ. 46ರ ಬದಲು 80 ಸಿಗುತ್ತದಲ್ಲ ಅಂತ ಆಸೆ ಆಗುತ್ತದೆ. ಜಾಸ್ತಿ ಓಡಾಟ ಇರಬಹುದು ಅಂತ ಮಾರುಕಟ್ಟೆಯೇ ಲೆಕ್ಕ ಹಾಕಿ ಕೊಡುವ ಬೆಲೆ ಅದು. ಶಾಂತ ವಾರ ಅಂತ ನಂಬಿ ಹಾಕುವ ಕಾಂಡರ್ ಅಂಥ ವಾರಕ್ಕೆ ಅಲ್ಲ.

ಹಾಗಾಗಿ ನನ್ನ ಪದ್ಧತಿ ಸರಳ: ಮುಚ್ಚುವುದಾದರೆ ನಾಲ್ಕೂ ಒಟ್ಟಿಗೆ. ಎಷ್ಟಕ್ಕೆ ಅಂತ ಹಾಕುವಾಗಲೇ ಚೀಟಿಯಲ್ಲಿ ಬರೆದಿಡುತ್ತೇನೆ. 46 ಸಿಕ್ಕ ಕಾಂಡರ್ ವಾಪಸ್ ಕೊಳ್ಳಲು 23 ಸಾಕು ಅನ್ನುವ ಹೊತ್ತಿಗೆ ಮುಚ್ಚಿದರೆ 1,495 ಲಾಭ. 92ಕ್ಕೆ ಏರಿದರೆ 2,990 ನಷ್ಟಕ್ಕೆ ಹೊರಗೆ. ಬೆಳಗ್ಗೆ ಗ್ಯಾಪ್ ಆಗಿ ತೆರೆದರೆ 92ಕ್ಕೆ ಸಿಗುವುದಿಲ್ಲ, 130ಕ್ಕೋ 150ಕ್ಕೋ ಮುಚ್ಚಬೇಕಾಗಬಹುದು. ಆಗ ನಿಮ್ಮನ್ನು ಕಾಪಾಡುವುದು ಕೊಂಡಿಟ್ಟ ಹೊರಗಿನ ಎರಡು ಲೆಗ್ ಮಾತ್ರ.

ಇನ್ನೊಂದು ಗಾಬರಿ ಮೊದಲೇ ಹೇಳಿಬಿಡುತ್ತೇನೆ. ಶುಕ್ರವಾರ ನಿಫ್ಟಿ 25,350 ಇರುತ್ತದೆ. ನಿಮ್ಮ ಗೆರೆಯ ಒಳಗೇ ಇದೆ. ಆದರೂ ಆ್ಯಪ್ ಕೆಂಪು ತೋರಿಸುತ್ತದೆ, ಸಾವಿರದ ಮುನ್ನೂರೋ ನಾನೂರೋ ಮೈನಸ್. ತಪ್ಪೇನೂ ಆಗಿಲ್ಲ. 25,400ರ ಕಾಲ್‌ಗೆ ಇನ್ನೂ ನಾಲ್ಕು ದಿನ ಆಯುಷ್ಯ ಇದೆ, ಗೆರೆ ಹತ್ತಿರ ಬಂದಿದೆ, ಬೆಲೆ ಏರಿದೆ. ಗೆರೆಯ ಒಳಗೆ ಇದ್ದರೆ ಲಾಭ ಅನ್ನುವ ಮಾತು ಎಕ್ಸ್‌ಪೈರಿ ದಿನಕ್ಕೆ ಮಾತ್ರ ಸೇರಿದ್ದು.

ಆರ್ಡರ್ ಹಾಕುವ ಕ್ರಮವೂ ಮುಖ್ಯ. ಕೊಳ್ಳುವ ಎರಡು ಲೆಗ್ ಮೊದಲು, ಮಾರುವ ಎರಡು ಆಮೇಲೆ. ಮುಚ್ಚುವಾಗ ಉಲ್ಟಾ: ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ. ಕೊಂಡದ್ದು ಕೈಯಲ್ಲಿ ಇದ್ದರೆ ಮಾರ್ಜಿನ್ ಕಡಿಮೆ ಸಾಕು, ಮೊದಲೇ ಮಾರಹೊರಟರೆ ಬರಿಗೈ ಮಾರಾಟದ ಪೂರ್ತಿ ಮಾರ್ಜಿನ್ ಕೇಳುತ್ತದೆ. ನಾನೊಮ್ಮೆ ಮಳೆಗಾಲದಲ್ಲಿ, ಪ್ರೀಮಿಯಂ ಚೆನ್ನಾಗಿದೆ ಅಂತ ಅವಸರ ಮಾಡಿ, ಮಾರುವ ಎರಡು ಲೆಗ್ ಮೊದಲು ಹಾಕಿದೆ. ಅಷ್ಟರಲ್ಲಿ ಗುಡುಗು, ಕರೆಂಟ್ ಹೋಯಿತು, ವೈಫೈ ಹೋಯಿತು, ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ. ಇಪ್ಪತ್ತು ನಿಮಿಷ ಜಗಲಿಯಲ್ಲಿ ಫೋನ್ ಎತ್ತಿ ಹಿಡಿದುಕೊಂಡು ನಡೆದೆ. ಸಿಗ್ನಲ್ ಬಂದಾಗ ನಾನು ಕೊಳ್ಳಬೇಕಿದ್ದ ಕಾಲ್ ಏಳು ರೂಪಾಯಿ ದುಬಾರಿ ಆಗಿತ್ತು. ಏಳಕ್ಕೇ ಮುಗಿದದ್ದು ನನ್ನ ಅದೃಷ್ಟ. ನಿಮ್ಮ ಆ್ಯಪ್‌ನಲ್ಲಿ ನಾಲ್ಕೂ ಲೆಗ್ ಒಟ್ಟಿಗೆ ಕಳಿಸುವ ಬಾಸ್ಕೆಟ್ ಇದ್ದರೆ ಅದನ್ನೇ ಬಳಸಿ, ಅದರಲ್ಲೂ ಕೊಳ್ಳುವವು ಮೇಲೆ ಇರಲಿ. ಕಳಿಸಿದ ಮೇಲೆ ನಾಲ್ಕೂ ಆಗಿದೆಯಾ ಅಂತ ಪೊಸಿಶನ್ ಪುಟದಲ್ಲಿ ಎಣಿಸಿ.

ಇದು ಹಾಕಲು ಯೋಗ್ಯವಾ ಅನ್ನುವುದಕ್ಕೂ ಒಂದು ಒರಟು ಲೆಕ್ಕ ಇದೆ. 200ರಲ್ಲಿ 154 ಅಂದರೆ ಶೇಕಡ 77. ಪ್ರತಿ ಸಲವೂ ಪೂರ್ತಿ ಲಾಭ ಇಲ್ಲವೇ ಪೂರ್ತಿ ನಷ್ಟ ಅಂತ ಹಿಡಿದರೆ, ನೂರರಲ್ಲಿ 77 ಸಲ ಗೆದ್ದರೆ ಮಾತ್ರ ಅಸಲು. ಹತ್ತರಲ್ಲಿ ಎಂಟು ಗೆದ್ದರೆ 23,920 ಬಂತು, ಎರಡು ಸೋತರೆ 20,020 ಹೋಯಿತು, ಉಳಿದದ್ದು 3,900. ಏಳು ಗೆದ್ದು ಮೂರು ಸೋತರೆ 9,100 ನಷ್ಟ. ಇದರ ಮೇಲೆ ಖರ್ಚು. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಆದರೆ, ಹಾಕಲು ನಾಲ್ಕು, ಮುಚ್ಚಲು ನಾಲ್ಕು, ಜಿಎಸ್‌ಟಿ ಸೇರಿ 189. ಪ್ರತಿ ಲೆಗ್‌ನಲ್ಲಿ ಅರ್ಧ ರೂಪಾಯಿ ಹೆಚ್ಚುಕಡಿಮೆ ಸಿಕ್ಕರೂ ಹಾಕುವಾಗ 130, ಮುಚ್ಚುವಾಗ ಇನ್ನೊಂದು 130 ಹೋಗುತ್ತದೆ. ನನ್ನ ಪ್ರಕಾರ 200 ಅಂತರಕ್ಕೆ 40ಕ್ಕಿಂತ ಕಡಿಮೆ ಸಿಗುವುದಾದರೆ ಆ ವಾರ ಬಿಟ್ಟುಬಿಡಿ.

ಕೊನೆಯದಾಗಿ ಮಂಗಳವಾರದ ವಿಷಯ. ಸೆಬಿ 2024ರಲ್ಲಿ ತಂದ ನಿಯಮದಂತೆ ಎಕ್ಸ್‌ಪೈರಿ ದಿನ ಮಾರಿದ ಇಂಡೆಕ್ಸ್ ಆಪ್ಶನ್‌ಗಳಿಗೆ ಶೇಕಡ 2 ಹೆಚ್ಚುವರಿ ಮಾರ್ಜಿನ್ ಬೇಕು. 25,000ದ ನಿಫ್ಟಿಗೆ 65ರ ಲಾಟ್ ಅಂದರೆ 16,25,000 ರೂಪಾಯಿ ಮೌಲ್ಯ, ಅದರ ಶೇಕಡ 2 ಸುಮಾರು 32,500. ನಿಮ್ಮದು ಎರಡು ಶಾರ್ಟ್ ಲೆಗ್. ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಬ್ರೋಕರ್ ತನಗೆ ತೋಚಿದ ಹೊತ್ತಿಗೆ ಲೆಗ್ ಮುಚ್ಚಬಹುದು. ಅದಕ್ಕೇ ನಾನು ಸೋಮವಾರ ಮಧ್ಯಾಹ್ನವೇ ಹೊರಗೆ ಬರುತ್ತೇನೆ, ಉಳಿದ ಏಳೆಂಟು ರೂಪಾಯಿಗೆ ಆಸೆ ಪಡುವುದಿಲ್ಲ. ನಿಮಗೆ ಸೋಮವಾರ ಮದ್ದು ಬಿಡಲು ಜನ ಬರುವ ದಿನವಾದರೆ, ಶುಕ್ರವಾರ ಮೂರು ಗಂಟೆಗೆ ತೋಟದಿಂದ ಮೇಲೆ ಬಂದು ನಾಲ್ಕೂ ಮುಚ್ಚಿಬಿಡಿ.