ಎಕ್ಸೆಲ್ ಕೊಟ್ಟ ಚಾರ್ಟನ್ನೇ ಸ್ಲೈಡಿಗೆ ಹಾಕಿದರೆ ಏನು ತಪ್ಪು?

ಪ್ರಶ್ನೆ: ಪ್ರತಿ ತಿಂಗಳು ರಿವ್ಯೂ ಮೀಟಿಂಗ್‌ಗೆ ಪಿಪಿಟಿ ಮಾಡೋದು ನನ್ನ ಕೆಲಸ. ಕಳೆದ ಸಲ ಫೈನಾನ್ಸ್‌ನವರೊಬ್ಬರು ‘ನಿಮ್ಮ ಚಾರ್ಟ್ ದಾರಿ ತಪ್ಪಿಸುತ್ತೆ’ ಅಂದರು. ನಾನು ಒಂದು ನಂಬರನ್ನೂ ಬದಲಿಸಿರಲಿಲ್ಲ, ಎಕ್ಸೆಲ್ ಕೊಟ್ಟಿದ್ದನ್ನೇ ಹಾಕಿದ್ದೆ. ಬಾರ್ ಚಾರ್ಟ್, ಎರಡು ಆಕ್ಸಿಸ್ ಇರೋ ಲೈನ್ ಚಾರ್ಟ್, 3ಡಿ ಪೈ ಎಲ್ಲಾ ಇತ್ತು. ಏನೇನು ನೋಡಿಕೊಳ್ಳಬೇಕು?

ಎಕ್ಸೆಲ್ ಕೊಟ್ಟಿದ್ದನ್ನೇ ಹಾಕಿದ್ದಕ್ಕೇ ಹಾಗಾಗಿರಬೇಕು. ಬೇರೆಯವರ ಸ್ಲೈಡ್‌ಗಳು ಮೀಟಿಂಗ್‌ಗೆ ಹೋಗುವ ಮುಂಚೆ ಒಮ್ಮೆ ನೋಡಿ ಕೊಡೋದು ನನ್ನ ಕೆಲಸದಲ್ಲಿ ಒಂದು. ಬೇಕಂತಲೇ ಮೋಸ ಮಾಡಿದ ಚಾರ್ಟ್ ನೋಡಿದ್ದು ಕಡಿಮೆ. ಸಾಫ್ಟ್‌ವೇರ್ ತಾನಾಗಿ ಆರಿಸಿದ್ದನ್ನು ಯಾರೂ ಮುಟ್ಟದೆ ಬಿಟ್ಟಿದ್ದೇ ಜಾಸ್ತಿ.

ಮೊದಲು ಬಾರ್ ಚಾರ್ಟ್ ನೋಡೋಣ, ಯಾಕಂದರೆ ಹೆಚ್ಚಿನ ಎಡವಟ್ಟು ಆಗೋದು ಅಲ್ಲೇ.

ನಾಲ್ಕು ತಿಂಗಳ ಮಾರಾಟ 182, 185, 188, 194 ಲಕ್ಷ ರೂಪಾಯಿ ಅಂದುಕೊಳ್ಳಿ. ಇದನ್ನು ಆಯ್ಕೆ ಮಾಡಿ ಕಾಲಂ ಚಾರ್ಟ್ ಹಾಕಿ. ಎಡಗಡೆ ಆಕ್ಸಿಸ್ ಸೊನ್ನೆಯಿಂದ ಶುರುವಾಗೋದಿಲ್ಲ, 176ರ ಆಸುಪಾಸಿನಿಂದ ಶುರುವಾಗುತ್ತೆ. ಇದಕ್ಕೆ ಎಕ್ಸೆಲ್‌ನಲ್ಲಿ ಒಂದು ಲೆಕ್ಕವಿದೆ. ಅತಿ ದೊಡ್ಡ ನಂಬರಿಗೂ ಅತಿ ಚಿಕ್ಕ ನಂಬರಿಗೂ ಇರುವ ಅಂತರ, ದೊಡ್ಡದರ ಆರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಅದು ಸೊನ್ನೆಯಿಂದ ಶುರು ಮಾಡುತ್ತೆ. ಕಡಿಮೆ ಇದ್ದರೆ ಕೆಳಗಿನ ಭಾಗ ಕತ್ತರಿಸಿ, ಮೇಲಿನ ತುದಿಯನ್ನಷ್ಟೇ ತೋರಿಸುತ್ತೆ. ಇಲ್ಲಿ ಅಂತರ 12, 194ರ ಆರನೇ ಒಂದು ಭಾಗ ಸುಮಾರು 32. ಹಾಗಾಗಿ ಕತ್ತರಿ ಬಿತ್ತು.

ಅಂದರೆ ನಂಬರ್‌ಗಳು ಹೆಚ್ಚುಕಡಿಮೆ ಒಂದೇ ಇದ್ದಾಗ, ಯಾವಾಗ ವ್ಯತ್ಯಾಸ ನಿಜವಾಗಿ ಚಿಕ್ಕದೋ ಆಗಲೇ, ಚಾರ್ಟ್ ಅದನ್ನು ಹಿಗ್ಗಿಸಿ ತೋರಿಸುತ್ತೆ.

ಎಷ್ಟು ಹಿಗ್ಗಿಸುತ್ತೆ ನೋಡಿ. 176ರಿಂದ ಅಳೆದರೆ ಮೊದಲ ಬಾರ್‌ನ ಎತ್ತರ 6, ಕೊನೆಯದ್ದು 18. ಕಣ್ಣಿಗೆ ಮೂರು ಪಟ್ಟು. ನಿಜವಾದ ಏರಿಕೆ ಶೇ 6.6. ಮೀಟಿಂಗ್‌ನಲ್ಲಿ ಸ್ಲೈಡ್ ಪರದೆ ಮೇಲೆ ಇರೋದೇ ಅರ್ಧ ನಿಮಿಷ, ಅಷ್ಟರಲ್ಲಿ ಎಡಗಡೆಯ ಸಣ್ಣ ಅಕ್ಷರ ಯಾರು ಓದುತ್ತಾರೆ? ಬಾರ್‌ನಲ್ಲಿ ನಾವು ಓದೋದು ಉದ್ದವನ್ನು. ಉದ್ದವೇ ನಂಬರ್. ಬುಡ ಕತ್ತರಿಸಿದರೆ ನಂಬರನ್ನೇ ಬದಲಿಸಿದ ಹಾಗೆ. ಬುಡದಲ್ಲಿ ಅಂಕುಡೊಂಕು ಗೆರೆ ಹಾಕಿ ‘ಇಲ್ಲಿ ಕತ್ತರಿಸಿದ್ದೇವೆ’ ಅಂತ ತೋರಿಸೋರೂ ಇದ್ದಾರೆ. ಅದರಿಂದ ಉದ್ದ ಸರಿಹೋಗೋದಿಲ್ಲ.

ಪರೀಕ್ಷೆ ಸುಲಭ. ನಂಬರ್‌ಗಳನ್ನು ಮುಚ್ಚಿಕೊಂಡು ಅತಿ ಗಿಡ್ಡ ಬಾರ್‌ಗೂ ಅತಿ ಎತ್ತರದ ಬಾರ್‌ಗೂ ಎಷ್ಟು ಪಟ್ಟು ವ್ಯತ್ಯಾಸ ಕಾಣುತ್ತೆ ಅಂತ ಅಂದಾಜು ಮಾಡಿ. ಆಮೇಲೆ ನಂಬರನ್ನು ನಂಬರಿನಿಂದ ಭಾಗಿಸಿ ನೋಡಿ. ಎರಡೂ ಹತ್ತಿರ ಇರಬೇಕು. ಇಲ್ಲದಿದ್ದರೆ ಆಕ್ಸಿಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, `Format Axis`ನಲ್ಲಿ `Bounds` ಕೆಳಗೆ `Minimum` ಅಂತ ಇರುತ್ತೆ, ಅಲ್ಲಿ 0 ಟೈಪ್ ಮಾಡಿ. ಪಕ್ಕದಲ್ಲಿ `Auto` ಇದ್ದದ್ದು `Reset` ಆಗುತ್ತೆ. ಆಗ ಅದು ನೀವು ಹೇಳಿದ್ದನ್ನೇ ಹಿಡಿದುಕೊಂಡಿದೆ ಅಂತ ಅರ್ಥ.

ಹೀಗೆ ಮಾಡಿದ ತಕ್ಷಣ ನಾಲ್ಕೂ ಬಾರ್ ಒಂದೇ ಎತ್ತರ ಕಾಣುತ್ತವೆ, ಮ್ಯಾನೇಜರ್ ‘ಬೆಳವಣಿಗೆ ಕಾಣ್ತಾನೇ ಇಲ್ಲವಲ್ರೀ’ ಅಂತಾರೆ. ಅವರ ಮಾತಲ್ಲೂ ಅರ್ಥವಿದೆ. ತಿಂಗಳಿಗೆ 3, 3, 6 ಲಕ್ಷ ಏರಿದ್ದು ಅವರಿಗೆ ಮುಖ್ಯ ವಿಷಯವೇ ಆಗಿರಬಹುದು. ಹಾಗಿದ್ದರೆ ಆ ಏರಿಕೆಯನ್ನೇ ಬಾರ್ ಮಾಡಿ: 3, 3, 6, ಸೊನ್ನೆಯಿಂದ. ಮೇಲೆ ‘ಹಿಂದಿನ ತಿಂಗಳಿಗಿಂತ ಎಷ್ಟು ಲಕ್ಷ ಹೆಚ್ಚು’ ಅಂತ ಬರೆಯಿರಿ. ಈಗ ಕೊನೆಯ ಬಾರ್ ದುಪ್ಪಟ್ಟು ಎತ್ತರ ಕಂಡರೆ ಅದು ನಿಜವಾಗಿಯೂ ದುಪ್ಪಟ್ಟು.

ಇನ್ನೊಂದು ದಾರಿ ಲೈನ್ ಚಾರ್ಟ್. ‘ಎಲ್ಲಾ ಚಾರ್ಟೂ ಸೊನ್ನೆಯಿಂದಲೇ ಶುರುವಾಗಬೇಕು’ ಅನ್ನೋರು ಸಿಗುತ್ತಾರೆ, ಅದು ಸರಿಯಲ್ಲ. ಲೈನ್‌ನಲ್ಲಿ ನಾವು ನೋಡೋದು ಗೆರೆ ಯಾವ ಕಡೆ ಹೋಗ್ತಿದೆ ಅನ್ನೋದನ್ನು, ಬುಡದಿಂದ ಎಷ್ಟು ಎತ್ತರ ಅನ್ನೋದನ್ನಲ್ಲ. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 98ಕ್ಕೂ 103ಕ್ಕೂ ವ್ಯತ್ಯಾಸವೇ ಕಾಣೋದಿಲ್ಲ, ಡಾಕ್ಟರಿಗೆ ಅದರಿಂದ ಏನು ಉಪಯೋಗ? ಆದರೆ ಲೈನ್‌ನಲ್ಲೂ ಆಕ್ಸಿಸ್‌ನ ಬುಡ ಕತ್ತರಿಸಿದಷ್ಟೂ ಏರು ಕಡಿದಾಗುತ್ತೆ. ಅದಕ್ಕೇ ಶೇ 6.6 ಅನ್ನೋದನ್ನು ಸ್ಲೈಡಿನ ತಲೆಬರಹದಲ್ಲೇ ಹಾಕಿ.

ಇಲ್ಲಿ ಯಾರೂ ಗಮನಿಸದ ಒಂದು ತೊಂದರೆ ಇದೆ. ನಾಲ್ಕನೇ ಸ್ಲೈಡಿನಲ್ಲಿ ಬೆಂಗಳೂರು ಬ್ರಾಂಚ್, ಐದನೆಯದರಲ್ಲಿ ಹುಬ್ಬಳ್ಳಿ ಬ್ರಾಂಚ್. ಎರಡರದ್ದೂ ಆಕ್ಸಿಸ್ ತಾನಾಗಿ ಹೊಂದಿಕೊಂಡಿರುತ್ತೆ, ಒಂದು 200ರ ತನಕ, ಇನ್ನೊಂದು 40ರ ತನಕ. ಸ್ಲೈಡ್ ತಿರುಗಿಸಿದಾಗ ಎರಡೂ ಬ್ರಾಂಚ್ ಒಂದೇ ದಪ್ಪ ಕಾಣುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಚಾರ್ಟ್ ಸರಿ, ಒಟ್ಟಿಗೆ ನೋಡಿದರೆ ತಪ್ಪು. ಹೋಲಿಸಬೇಕಾದ ಚಾರ್ಟ್‌ಗಳಿಗೆಲ್ಲ ಒಂದೇ `Minimum`, ಒಂದೇ `Maximum` ಕೈಯಾರೆ ಕೊಡಿ. ಮುಂದಿನ ತಿಂಗಳು ಡೇಟಾ ಬದಲಿಸುವಾಗ ಮಾತ್ರ ಹುಷಾರು: ಹೊಸ ನಂಬರ್ ಆ `Maximum` ದಾಟಿದರೆ ಬಾರ್ ಮೇಲ್ಗಡೆ ಸುಮ್ನೆ ಕತ್ತರಿಸಿ ಹೋಗುತ್ತೆ, ಎಚ್ಚರಿಕೆಯೇನೂ ಬರೋದಿಲ್ಲ.

ಈಗ ಎರಡು ಆಕ್ಸಿಸ್. ಇದರಲ್ಲಿ ಎಲ್ಲರೂ ಉದಾಹರಣೆ ಕೊಡೋದು 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ವಿಚಾರಣೆಯಲ್ಲಿ ತೋರಿಸಿದ ಸ್ಲೈಡ್. ಪ್ಲಾನ್ಡ್ ಪೇರೆಂಟ್‌ಹುಡ್ ಅನ್ನೋ ಸಂಸ್ಥೆ ಬಗ್ಗೆ ವಿಚಾರಣೆ, ಚಾರ್ಟ್ ತೋರಿಸಿದ್ದು ಸಮಿತಿಯ ಅಧ್ಯಕ್ಷ ಜೇಸನ್ ಚಾಫೆಟ್ಸ್. ಅದರಲ್ಲಿ ಎರಡು ಬಾಣ. ಕ್ಯಾನ್ಸರ್ ತಪಾಸಣೆ ಮತ್ತು ತಡೆ ಸೇವೆ 2006ರಲ್ಲಿ 20,07,371 ಇದ್ದದ್ದು 2013ಕ್ಕೆ 9,35,573ಕ್ಕೆ ಇಳಿಯುತ್ತೆ. ಗರ್ಭಪಾತ 2,89,750ರಿಂದ 3,27,000ಕ್ಕೆ ಏರುತ್ತೆ. ಬಾಣಗಳು ನಡುವೆ ಕತ್ತರಿಯ ಹಾಗೆ ದಾಟಿ, 2013ರಲ್ಲಿ ಗರ್ಭಪಾತವೇ ಮೇಲೆ ನಿಂತಿರುತ್ತೆ. ಎಡಕ್ಕೂ ಬಲಕ್ಕೂ ಆಕ್ಸಿಸೇ ಇಲ್ಲ. 3.27 ಲಕ್ಷದ ಚುಕ್ಕಿ 9.35 ಲಕ್ಷದ ಚುಕ್ಕಿಗಿಂತ ಮೇಲಿದೆ ಅನ್ನೋದು ನಂಬರ್ ಓದಿದರೆ ಮಾತ್ರ ಗೊತ್ತಾಗುತ್ತೆ. ಒಂದೇ ಆಕ್ಸಿಸ್ ಮೇಲೆ ಹಾಕಿದ್ದರೆ ಆ ಗೆರೆಗಳು ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ.

ಗಮನಿಸಿ, ತಪಾಸಣೆ ಅರ್ಧಕ್ಕಿಂತ ಜಾಸ್ತಿ ಇಳಿದಿದ್ದು ನಿಜ. ಅದನ್ನು ಸರಿಯಾದ ಚಾರ್ಟ್‌ನಲ್ಲೇ ತೋರಿಸಬಹುದಿತ್ತು. ‘ದಾಟಿತು’ ಅನ್ನೋದು ಮಾತ್ರ ಡೇಟಾದಲ್ಲಿ ಇಲ್ಲದ ಮಾತು.

ನಿಮ್ಮ ಚಾರ್ಟ್‌ನಲ್ಲೂ ಇದೇ ಆಗಿರಬಹುದು. ಎಡಕ್ಕೆ ಮಾರಾಟ, ಬಲಕ್ಕೆ ಜಾಹೀರಾತು ಖರ್ಚು, ಎರಡಕ್ಕೂ ಎಕ್ಸೆಲ್ ಬೇರೆ ಬೇರೆ ಅಳತೆ ಕೊಡುತ್ತೆ. ಗೆರೆಗಳು ಎಲ್ಲಿ ಕೂಡುತ್ತವೆ, ಎಷ್ಟು ಜೊತೆಜೊತೆಗೆ ಓಡುತ್ತವೆ ಅನ್ನೋದೆಲ್ಲ ಆ ಅಳತೆಯ ಆಟ. ಬೇಕಿದ್ದರೆ ಬಲಗಡೆ ಆಕ್ಸಿಸ್‌ನ `Maximum` ದುಪ್ಪಟ್ಟು ಮಾಡಿ ನೋಡಿ. ಆ ಗೆರೆ ಕೆಳಗೆ ಕುಸಿಯುತ್ತೆ, ದಾಟಿದ ಜಾಗ ಬೇರೆ ಕಡೆ ಹೋಗುತ್ತೆ ಅಥವಾ ಮಾಯವಾಗುತ್ತೆ. ಡೇಟಾ ಹಾಗೇ ಇದೆ, ಕಥೆ ಬದಲಾಯಿತು ಅಲ್ವಾ?

ನಾನು ಸಾಮಾನ್ಯವಾಗಿ ಹೇಳೋದು, ಎರಡು ಚಿಕ್ಕ ಚಾರ್ಟ್ ಮಾಡಿ, ಒಂದರ ಕೆಳಗೆ ಒಂದು, ತಿಂಗಳುಗಳು ನೇರಕ್ಕೆ ಬರುವ ಹಾಗೆ. ಏರಿಳಿತ ಜೊತೆಗೆ ಬಂತಾ ಅಂತ ಕಣ್ಣಿಗೇ ಕಾಣುತ್ತೆ, ದಾಟುವ ಪ್ರಶ್ನೆಯೇ ಇಲ್ಲ. ಒಂದೇ ಚಾರ್ಟ್ ಬೇಕೇ ಬೇಕು ಅಂದರೆ ಎರಡನ್ನೂ ಮೊದಲ ತಿಂಗಳು 100 ಅಂತ ಮಾಡಿಕೊಳ್ಳಿ. ಡೇಟಾ B2ರಿಂದ ಶುರುವಾಗಿದ್ದರೆ ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=B2/B$2*100
```

ಮೇಲಿನ ಅಮೆರಿಕದ ಲೆಕ್ಕಕ್ಕೆ ಇದನ್ನೇ ಹಾಕಿದರೆ 2006ರಲ್ಲಿ ಎರಡೂ 100, 2013ರಲ್ಲಿ ಒಂದು ಸುಮಾರು 113, ಇನ್ನೊಂದು 47. ಒಂದೇ ಆಕ್ಸಿಸ್, ನ್ಯಾಯವಾದ ಹೋಲಿಕೆ. ಆದರೆ ಈ ಚಾರ್ಟ್ ಯಾವುದು ದೊಡ್ಡದು ಅಂತ ಹೇಳೋದಿಲ್ಲ, ಎಷ್ಟು ಬದಲಾಯಿತು ಅಂತಷ್ಟೇ ಹೇಳುತ್ತೆ. ಶುರುವಿನ ತಿಂಗಳು ಯಾವುದು ಅನ್ನೋದರ ಮೇಲೂ ನಿಗಾ ಇರಲಿ. 2020ರ ಏಪ್ರಿಲ್ ಲಾಕ್‌ಡೌನ್‌ನಲ್ಲಿ ವ್ಯಾಪಾರ ನೆಲಕಚ್ಚಿದ್ದ ಅಂಗಡಿಗೆ ಆ ತಿಂಗಳನ್ನು 100 ಅಂತ ಇಟ್ಟರೆ ಆಮೇಲಿನದೆಲ್ಲ ಅದ್ಭುತವಾಗಿಯೇ ಕಾಣುತ್ತೆ.

ಎರಡು ಆಕ್ಸಿಸ್ ನಾನು ಒಪ್ಪೋದು ಒಂದೇ ವಿಷಯವನ್ನು ಎರಡು ಅಳತೆಯಲ್ಲಿ ತೋರಿಸುವಾಗ. ಎಡಕ್ಕೆ ಸೆಲ್ಸಿಯಸ್, ಬಲಕ್ಕೆ ಫ್ಯಾರನ್‌ಹೀಟ್. ಅಲ್ಲಿ ಗೆರೆ ಇರೋದೇ ಒಂದು.

3ಡಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ತೆಗೆದುಬಿಡಿ. ಯಾಕೆ ಅಂತ ಕೇಳಿದವರಿಗೆ 2008ರ ಜನವರಿಯ ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಸ್ಟೀವ್ ಜಾಬ್ಸ್ ತೋರಿಸಿದ ಪೈ ಚಾರ್ಟ್ ತೋರಿಸಿ. ಅಮೆರಿಕದ ಸ್ಮಾರ್ಟ್‌ಫೋನ್ ಮಾರುಕಟ್ಟೆಯಲ್ಲಿ ಆಪಲ್‌ನ ಪಾಲು ಶೇ 19.5, ‘ಇತರೆ’ ಶೇ 21.2. ಆದರೆ ಹಿಂದಕ್ಕೆ ವಾಲಿಸಿದ ಪೈನಲ್ಲಿ ಆಪಲ್ ಹೋಳು ಮುಂದಿತ್ತು, ‘ಇತರೆ’ ಹಿಂದಿತ್ತು. ನೋಡಿದವರಿಗೆ ಆಪಲ್‌ನದ್ದೇ ದೊಡ್ಡದು. ವಾಲಿಸಿದಾಗ ಹತ್ತಿರದ ಹೋಳು ಹಿಗ್ಗುತ್ತೆ, ದೂರದ್ದು ಕುಗ್ಗುತ್ತೆ. ಸಾಲದ್ದಕ್ಕೆ ಮುಂದಿನ ಹೋಳಿಗೆ ಮಾತ್ರ ಪಕ್ಕದ ಗೋಡೆಯ ದಪ್ಪವೂ ಕಾಣುತ್ತೆ. ಅದೂ ಅದೇ ಬಣ್ಣದ್ದು, ಆದರೆ ಯಾವ ನಂಬರಿಗೂ ಸೇರಿದ್ದಲ್ಲ.

3ಡಿ ಕಾಲಂ ಇನ್ನೂ ಕಿರಿಕಿರಿ. ಅಳತೆಯ ಗೆರೆಗಳು ಹಿಂದಿನ ಗೋಡೆ ಮೇಲಿರುತ್ತವೆ, ಕಂಬ ಅದಕ್ಕಿಂತ ಮುಂದೆ ನಿಂತಿರುತ್ತೆ. ಹಾಗಾಗಿ 50ರ ಕಂಬದ ಮುಂದಿನ ಅಂಚು 50ರ ಗೆರೆಗೆ ಮುಟ್ಟದೆ ಕೆಳಗೇ ನಿಂತ ಹಾಗೆ ಕಾಣುತ್ತೆ. ಜನ 47, 48 ಅಂತ ಓದಿಕೊಳ್ಳುತ್ತಾರೆ. ಕಂಬಗಳು ಎರಡು ಸಾಲಿದ್ದರೆ ಹಿಂದಿನದನ್ನು ಮುಂದಿನದು ಮುಚ್ಚಿಯೂ ಬಿಡುತ್ತೆ.

`Change Chart Type`ಗೆ ಹೋಗಿ 2ಡಿ ಆರಿಸಿದರೆ ಮುಗಿಯಿತು. ಪೈನಲ್ಲಿ ಐದಾರು ಹೋಳುಗಳಿದ್ದರೆ ಅದನ್ನು ಅಡ್ಡ ಬಾರ್ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ‘ಇತರೆ’ ಎಷ್ಟೇ ದೊಡ್ಡದಿದ್ದರೂ ಕೊನೆಗೆ ಇಡಿ. 19.5 ಮತ್ತು 21.2ರ ವ್ಯತ್ಯಾಸ ಮಾಮೂಲಿ ಪೈನಲ್ಲೂ ಕಣ್ಣಿಗೆ ಸಿಗೋದು ಕಷ್ಟ, ಬಾರ್‌ನಲ್ಲಿ ಸಿಗುತ್ತೆ. ಆಫೀಸ್ ಟೆಂಪ್ಲೇಟ್‌ನಲ್ಲೇ 3ಡಿ ಇದೆ, ನಾನೇನು ಮಾಡಲಿ ಅಂತೀರಾ? ಟೆಂಪ್ಲೇಟ್‌ನ ಬಣ್ಣ, ಫಾಂಟ್, ಲೋಗೋ ಹಾಗೇ ಇಟ್ಟು ಚಾರ್ಟ್ ಬಗೆ ಮಾತ್ರ ಬದಲಿಸಿ ಕಳಿಸಿ. ನಾನು ನೋಡಿದ ಮಟ್ಟಿಗೆ ಯಾರೂ ಆಕ್ಷೇಪ ಎತ್ತೋದಿಲ್ಲ.